ಬಿಲ್ಲಿಗೂ ಜಿಆರ್‌ಎನ್‌ಗೂ ತಾಳೆಯಾಗದಿದ್ದಾಗ: ಸಪ್ಲೈಯರ್ ಉತ್ತರ ಬರೆಯುವ ಬಗೆ

"ನಿಮ್ಮ ಬಿಲ್ಲಿನಲ್ಲಿ 4,800 ಪೆಟ್ಟಿಗೆ ಇದೆ. ನಮ್ಮ ಲೆಕ್ಕದಲ್ಲಿ 4,570 ಮಾತ್ರ. 230 ಪೆಟ್ಟಿಗೆಯ ಹಣ ಕಡಿತ ಮಾಡಿ ಉಳಿದದ್ದನ್ನು ಪಾಸ್ ಮಾಡುತ್ತೇವೆ."

ಮಾಲು ಸಪ್ಲೈ ಮಾಡುವವರಿಗೆ ಇಂಥ ಪತ್ರ ಹೊಸದೇನಲ್ಲ. ಓದಿದ ತಕ್ಷಣ ಕೈ ಎರಡರಲ್ಲಿ ಒಂದು ಕೆಲಸ ಮಾಡಹೊರಡುತ್ತದೆ. ಒಂದೋ "ನಿಮ್ಮ ಸ್ಟೋರ್ಸ್‌ನವರು ಸರಿಯಾಗಿ ಎಣಿಸಿಲ್ಲ" ಎಂದು ಬರೆಯುತ್ತೇವೆ, ಇಲ್ಲವೇ ಗಿರಾಕಿ ಕೈತಪ್ಪುತ್ತಾರೆ ಎಂಬ ಭಯಕ್ಕೆ ಕಡಿತವನ್ನು ಸುಮ್ನೆ ಒಪ್ಪಿಕೊಂಡುಬಿಡುತ್ತೇವೆ. ಎರಡೂ ಬೇಡ. 230 ಎಂಬುದು ಎಲ್ಲಿಂದ ಬಂತು ಎಂದು ಚಲನ್ ಚಲನ್ ಬಿಡಿಸಿ ನೋಡಿದರೆ, ಬಹಳ ಸಲ ಅದು ಒಂದೇ ಜಗಳ ಆಗಿರುವುದಿಲ್ಲ. ಎರಡು ಮೂರು ಬೇರೆ ಬೇರೆ ಸಂಗತಿಗಳು ಒಂದೇ ಮೊತ್ತದಲ್ಲಿ ಸೇರಿಕೊಂಡಿರುತ್ತವೆ. ಉತ್ತರದ ಕೆಲಸ ಅವನ್ನು ಬೇರೆ ಮಾಡಿ ತೋರಿಸುವುದು.

ಇಲ್ಲಿ ಒಂದು ಕಾಲ್ಪನಿಕ ಲೆಕ್ಕವನ್ನೇ ಕೊನೆಯವರೆಗೆ ಹಿಡಿದು ಹೋಗೋಣ. ಮಾಲು ರಟ್ಟಿನ ಪೆಟ್ಟಿಗೆ, ದರ ಒಂದಕ್ಕೆ ₹20, ತೆರಿಗೆ ಬೇರೆ. ಜೂನ್ ತಿಂಗಳಲ್ಲಿ ನಾಲ್ಕು ಸಲ ಮಾಲು ಹೋಗಿದೆ. ಒಪ್ಪಂದದ ಪ್ರಕಾರ ತಿಂಗಳ ಲೆಕ್ಕದ ಪಟ್ಟಿಗೆ ಒಂದೇ ಬಿಲ್ಲು, ಅದರ ದಿನಾಂಕ ಜೂನ್ 30. ತಕರಾರಿನ ಪತ್ರ ಬಂದದ್ದು ಜುಲೈ 14ಕ್ಕೆ.

ಮೊದಲು ಎರಡು ಸಾಲಿನ ಮೇಲ್

ಪತ್ರ ಬಂದ ದಿನವೇ ಪೂರ್ತಿ ಉತ್ತರ ಕೊಡಲು ಹೋಗಬೇಡಿ. ಆದರೆ ಸುಮ್ಮನೆಯೂ ಇರಬೇಡಿ. "ನಿಮ್ಮ ಜುಲೈ 14ರ ಪತ್ರ ತಲುಪಿದೆ. ನಾಲ್ಕೂ ಚಲನ್‌ಗಳ ಜಿಆರ್‌ಎನ್ ಪ್ರತಿ ಕಳಿಸಿಕೊಡಿ, ಚಲನ್‌ವಾರು ತಾಳೆ ನೋಡಿ ಇಂಥ ದಿನದೊಳಗೆ ಉತ್ತರಿಸುತ್ತೇವೆ" ಎಂದು ಬರೆದರೆ ಸಾಕು.

ಜಿಆರ್‌ಎನ್ ಅಂದರೆ ಮಾಲು ಬಂದಾಗ ಗಿರಾಕಿಯ ಸ್ಟೋರ್ಸ್‌ನವರು ಬರೆಯುವ ಸ್ವೀಕೃತಿ ಕಾಗದ, ಅದರ ಪ್ರತಿ ಕೇಳುವುದು ಇಲ್ಲಿ ಮುಖ್ಯ. ಗಿರಾಕಿಯ ಅಕೌಂಟ್ಸ್ ವಿಭಾಗ ಕಳಿಸುವುದು ಸಾಮಾನ್ಯವಾಗಿ ಒಟ್ಟು ಅಂಕಿ. ಅದು ಬಿಲ್ಲನ್ನು ಪಿಒ ಮತ್ತು ಜಿಆರ್‌ಎನ್ ಜೊತೆ ಹೋಲಿಸಿದಾಗ ಕಂಪ್ಯೂಟರ್ ಕೊಟ್ಟ ವ್ಯತ್ಯಾಸ. ಆ ಮೇಲ್ ಬರೆದವರು ಮಾಲನ್ನು ಕಣ್ಣಲ್ಲಿ ನೋಡಿರುವುದೇ ಇಲ್ಲ. ಅವರ ಜೊತೆ ವಾದಕ್ಕಿಳಿದು ಏನು ಪ್ರಯೋಜನ? ಸ್ಟೋರ್ಸ್‌ನ ಕಾಗದ ಕೈಗೆ ಬರದೆ ಮುಂದಿನ ಹೆಜ್ಜೆ ಇಡಲಾಗದು.

ಯಾವ ಕಾಗದ ಯಾರ ಕೈಯದು

ಈಗ ನಿಮ್ಮ ಕಡೆಯ ಕಾಗದ ಹೊರತೆಗೆಯಿರಿ. ಪಿಒ, ಡೆಲಿವರಿ ಚಲನ್‌ನ ಆಫೀಸ್ ಪ್ರತಿ, ಗಿರಾಕಿಯ ಗೇಟಿನಲ್ಲಿ ಸಹಿ ಹಾಕಿಸಿಕೊಂಡು ಬಂದ ಪ್ರತಿ, ಇ-ವೇ ಬಿಲ್, ಲಾರಿ ರಸೀದಿ. ಇವುಗಳನ್ನು ಒಂದೇ ಗುಂಪಾಗಿ "ನಮ್ಮ ಬಳಿ ಎಲ್ಲ ದಾಖಲೆ ಇದೆ" ಎಂದು ಎತ್ತಿ ಹಿಡಿಯುವವರು ಜಾಸ್ತಿ. ಆದರೆ ಬಿಲ್ಲು, ಇ-ವೇ ಬಿಲ್, ಚಲನ್‌ನ ಆಫೀಸ್ ಪ್ರತಿ ಈ ಮೂರನ್ನೂ ತುಂಬಿದ್ದು ನೀವೇ, ಅಲ್ವಾ? ಮೂರರಲ್ಲೂ 1,500 ಇದ್ದರೆ ನೀವು ಒಂದೇ ಮಾತನ್ನು ಮೂರು ಸಲ ಹೇಳಿದ್ದೀರಿ ಎಂದಷ್ಟೇ ಅರ್ಥ. ಅದು ಕಳಿಸಿದ್ದಕ್ಕೆ ಸಾಕ್ಷಿ, ತಲುಪಿದ್ದಕ್ಕಲ್ಲ.

ಅದೇ ರೀತಿ ಜಿಆರ್‌ಎನ್, ಗೇಟ್ ರಿಜಿಸ್ಟರ್, ಅವರ ತೂಕದ ಚೀಟಿ ಇವೆಲ್ಲ ಅವರ ಕೈಯ ಕಾಗದ. ಇಬ್ಬರ ಕೈಯೂ ಸೇರಿರುವುದು ಸಹಿ ಆದ ಚಲನ್ ಪ್ರತಿಯೊಂದರಲ್ಲೇ. ಹಾಗಾಗಿ ಅದನ್ನು ಕಣ್ಣಿಟ್ಟು ಓದಿ. ಸಹಿಯ ಪಕ್ಕ ಪೆನ್ನಿನಲ್ಲಿ ಏನಾದರೂ ಗೀಚಿದ್ದಾರಾ? "ಎಣಿಕೆಗೆ ಒಳಪಟ್ಟು" ಎಂಬ ಸೀಲು ಇದೆಯಾ? ಹಿಂಬದಿಯಲ್ಲಿ ಏನಾದರೂ ಬರೆದಿದ್ದಾರಾ? ಡ್ರೈವರ್ ತಂದುಕೊಟ್ಟ ಪ್ರತಿಯನ್ನು ನೋಡದೆ ಫೈಲಿಗೆ ಹಾಕಿರುವುದು ಎಷ್ಟೋ ಕಡೆ ನಡೆಯುತ್ತದೆ. ತಕರಾರು ಬಂದ ಮೇಲೆ ಮೊದಲ ಸಲ ಆ ಗೀಚು ಕಾಣುತ್ತದೆ.

ತೂಕದ ಚೀಟಿಯಿಂದ ತೀರ್ಮಾನ ಮಾಡಬಹುದಲ್ಲ ಎಂದು ಕೆಲವರು ಕೇಳುತ್ತಾರೆ. ಸಿಮೆಂಟ್, ಕಬ್ಬಿಣದಂಥ ಮಾಲಿಗೆ ಆಗಬಹುದು. ಪೆಟ್ಟಿಗೆಗೆ ಕಷ್ಟ. ಒಂದು ಪೆಟ್ಟಿಗೆ ಅರ್ಧ ಕಿಲೋ ಎಂದಿಟ್ಟುಕೊಂಡರೆ 60 ಪೆಟ್ಟಿಗೆ ಅಂದರೆ 30 ಕಿಲೋ. ಲಾರಿ ತೂಗುವ ಕಾಟಾ ಲೆಕ್ಕ ಹಾಕುವುದೇ ಹತ್ತು ಇಪ್ಪತ್ತು ಕಿಲೋ ಮೆಟ್ಟಿಲಲ್ಲಿ. ಮಾಲು ತುಂಬಿದಾಗಿನ ತೂಕಕ್ಕೂ ಖಾಲಿ ತೂಕಕ್ಕೂ ನಡುವೆ ಡ್ರೈವರ್ ಇಳಿದರೂ ಅಷ್ಟು ವ್ಯತ್ಯಾಸ ಬರುತ್ತದೆ. ಮೇಲಾಗಿ ರಟ್ಟು ತೇವ ಹೀರುತ್ತದೆ, ಮಳೆಗಾಲದಲ್ಲಿ ತೂಕ ಕೂಡುತ್ತದೆ. ಇಂಥ ಅಂಕಿಯನ್ನು ಉತ್ತರದಲ್ಲಿ ಸೇರಿಸಿದರೆ ಇನ್ನೊಂದು ವಾದಕ್ಕೆ ಬಾಗಿಲು ತೆರೆದಂತೆ. ಬಿಟ್ಟುಬಿಡಿ.

ಪಟ್ಟಿ ಮಾಡುವುದು

ಒಂದು ಚಲನ್‌ಗೆ ಒಂದು ಸಾಲು. ಪ್ರತಿ ಅಂಕಣದ ತಲೆಯಲ್ಲಿ ಅದು ಯಾವ ಕಾಗದದ ಅಂಕಿ ಎಂದು ಇರಲಿ. ಹೆಚ್ಚಿನವರು "ಕಳಿಸಿದ್ದು", "ಬಂದಿದ್ದು" ಎಂದು ಎರಡೇ ಅಂಕಣ ಮಾಡಿ ನಿಲ್ಲಿಸುತ್ತಾರೆ. ಅಲ್ಲೇ ಗೊಂದಲ ಶುರು. ಜಿಆರ್‌ಎನ್‌ನಲ್ಲಿ ಎರಡು ಸಂಖ್ಯೆ ಇರುತ್ತವೆ: ಗೇಟಿಗೆ ಬಂದ ಮಾಲು ಒಂದು, ತಪಾಸಣೆ ಆದ ಮೇಲೆ ಒಪ್ಪಿಕೊಂಡ ಮಾಲು ಇನ್ನೊಂದು. ಬಿಲ್ ಪಾಸಾಗುವುದು ಎರಡನೆಯದರ ಮೇಲೆ. ಅದಕ್ಕೇ ನಾಲ್ಕು ಅಂಕಣ ಬೇಕು.

ನಮ್ಮ ಉದಾಹರಣೆಯಲ್ಲಿ ಜಿಆರ್‌ಎನ್‌ಗಳು ಬಂದ ಮೇಲೆ ಪಟ್ಟಿ ಹೀಗಾಯಿತು:

| ಚಲನ್ ಸಂಖ್ಯೆ, ದಿನಾಂಕ | ಚಲನ್‌ನಲ್ಲಿ | ಸಹಿ ಆದ ಪ್ರತಿಯಲ್ಲಿ | ಜಿಆರ್‌ಎನ್: ಬಂದದ್ದು | ಜಿಆರ್‌ಎನ್: ಒಪ್ಪಿದ್ದು |
|---|---|---|---|---|
| 311, ಜೂನ್ 4 | 1,200 | 1,200 | 1,200 | 1,200 |
| 318, ಜೂನ್ 11 | 1,500 | 1,500, "ಎಣಿಕೆಗೆ ಒಳಪಟ್ಟು" | 1,440 | 1,440 |
| 324, ಜೂನ್ 18 | 1,200 | "2 ಬಂಡಲ್ ಕಮ್ಮಿ" ಎಂದು ಕೈಬರಹ | 1,150 | 1,150 |
| 330, ಜೂನ್ 25 | 900 | 900 | 900 | 780 |
| ಒಟ್ಟು | 4,800 | | 4,690 | 4,570 |

ಸಹಿ ಆದ ಪ್ರತಿಯ ಅಂಕಣಕ್ಕೆ ಒಟ್ಟು ಹಾಕಿಲ್ಲ, ಗಮನಿಸಿ. ಒಂದು ಸಾಲಿನಲ್ಲಿ ಷರತ್ತಿನ ಸೀಲು ಇದೆ, ಇನ್ನೊಂದರಲ್ಲಿ ಟಿಪ್ಪಣಿ ಇದೆ. ಅವನ್ನೆಲ್ಲ ಕೂಡಿಸಿ ಒಂದು ಸಂಖ್ಯೆ ಬರೆದರೆ, ಅವರು ಯಾವತ್ತೂ ಒಪ್ಪದ ಸಂಖ್ಯೆಗೆ ಅವರ ಸಹಿ ಇದೆ ಎಂದು ಹೇಳಿದಂತಾಗುತ್ತದೆ.

ಆ ಸೀಲನ್ನೂ ಕೈಬರಹವನ್ನೂ ಇದ್ದ ಹಾಗೆಯೇ ಬರೆಯಬೇಕು. 318ರ ಸಾಲಿನಲ್ಲಿ ಬರೀ "1,500, ಸಹಿ ಇದೆ" ಎಂದು ಬರೆದು ಸೀಲಿನ ಮಾತು ಎತ್ತದಿದ್ದರೆ ಏನಾಗುತ್ತದೆ? ಅವರ ಬಳಿಯೂ ಅದೇ ಚಲನ್‌ನ ಪ್ರತಿ ಇದೆ. ಅವರು ಸೀಲು ತೋರಿಸಿದ ಕ್ಷಣ ನಿಮ್ಮ ಉಳಿದ ಮೂರು ಸಾಲಿನ ಮೇಲೂ ಅನುಮಾನ ಬೀಳುತ್ತದೆ. ನಿಮಗೆ ಅನುಕೂಲವಲ್ಲದ ಟಿಪ್ಪಣಿಯನ್ನು ನೀವೇ ಮೊದಲು ಬರೆದಿದ್ದರೆ ಉಳಿದ ಅಂಕಿಗಳನ್ನು ಅವರು ಜಾಸ್ತಿ ಕೆದಕುವುದಿಲ್ಲ.

ಮೂರು ವ್ಯತ್ಯಾಸ, ಮೂರು ದಾರಿ

ಈಗ 230 ಎಂಬ ಮೊತ್ತ ಒಡೆದುಕೊಂಡಿತು: 60, 50, 120. ಒಂದೊಂದಕ್ಕೂ ಬೇರೆ ಉತ್ತರ.

ಸುಲಭವಾದದ್ದು 324. ನಿಮ್ಮದೇ ಪ್ರತಿಯಲ್ಲಿ ಎರಡು ಬಂಡಲ್ ಕಮ್ಮಿ ಎಂದು ಗೇಟಿನಲ್ಲೇ ಬರೆದಿದ್ದಾರೆ. ಬಂಡಲ್‌ಗೆ 25, ಅಂದರೆ 50 ಪೆಟ್ಟಿಗೆ. ಜಿಆರ್‌ಎನ್ ಕೂಡ ಅದನ್ನೇ ಹೇಳುತ್ತದೆ. ಇದನ್ನು ನೇರವಾಗಿ ಒಪ್ಪಿಕೊಳ್ಳಿ. ಅದು ಲಾರಿಯಲ್ಲಿ ಹೋಯಿತೋ, ನಿಮ್ಮ ಗೋಡೌನಿನಲ್ಲೇ ಉಳಿಯಿತೋ ಎಂಬುದು ನಿಮ್ಮ ಮನೆಯ ವಿಚಾರ. ಗಿರಾಕಿಗೆ ಬರೆಯುವ ಪತ್ರದಲ್ಲಿ ಟ್ರಾನ್ಸ್‌ಪೋರ್ಟ್‌ನವರ ಮೇಲೆ ದೂರು ಹೇಳಬೇಡಿ.

330 ನೋಡಿ. 900 ಬಂದಿದೆ ಎಂದು ಜಿಆರ್‌ಎನ್ ತಾನೇ ಹೇಳುತ್ತಿದೆ. 120 ರಿಜೆಕ್ಟ್ ಆಗಿವೆ. ಇದು ಕಮ್ಮಿ ಬಂದ ಮಾಲಲ್ಲ, ಗುಣಮಟ್ಟದ ತಕರಾರು. ಅಕೌಂಟ್ಸ್ ಪತ್ರದಲ್ಲಿ ಎರಡೂ "ಕಡಿಮೆ ಪ್ರಮಾಣ" ಎಂದೇ ಸೇರಿಹೋಗಿದೆ. ಇದನ್ನು ಬೇರೆ ಮಾಡದಿದ್ದರೆ ನಷ್ಟ ನಿಮಗೆ: ಹಣವೂ ಕಡಿತ, ಆ 120 ಪೆಟ್ಟಿಗೆಯೂ ಅಲ್ಲೇ ಉಳಿದುಹೋಗುತ್ತದೆ. ಕೇಳಬೇಕಾದದ್ದು ಎರಡು. ರಿಜೆಕ್ಷನ್ ನೋಟ್‌ನ ಪ್ರತಿ ಎಲ್ಲಿ? ಮಾಲು ಈಗ ಎಲ್ಲಿದೆ, ವಾಪಸ್ ಕಳಿಸಿದ್ದರೆ ಯಾವ ಚಲನ್ ಮೇಲೆ? ರಿಜೆಕ್ಟ್ ಮಾಡಿದ್ದು ಸರಿಯೋ ತಪ್ಪೋ ಎಂಬ ಮಾತು ಈ ಪತ್ರದಲ್ಲಿ ಬೇಡ, ಅದಕ್ಕೆ ಇನ್ನೊಂದು ಪತ್ರ ಇರಲಿ.

ನಿಜವಾದ ತಲೆನೋವು 318. ಇಲ್ಲಿ ಅಂಕಿಯ ಜೊತೆ ಸ್ವಲ್ಪ ಕೂರಬೇಕು. ಚಲನ್‌ನಲ್ಲಿ 60 ಬಂಡಲ್, ಬಂಡಲ್‌ಗೆ 25, ಒಟ್ಟು 1,500. ಜಿಆರ್‌ಎನ್‌ನಲ್ಲೂ 60 ಬಂಡಲ್ ಎಂದೇ ಇದೆ, ಆದರೆ ಪೆಟ್ಟಿಗೆ 1,440. 1,440 ಅನ್ನು 60ರಿಂದ ಭಾಗಿಸಿದರೆ ಸರಿಯಾಗಿ 24. ಅಂದರೆ ಬಂಡಲ್ ಒಂದೂ ಕಳೆದಿಲ್ಲ. ಬಂಡಲ್‌ಗೆ ಎಷ್ಟು ಎಂಬಲ್ಲಿ ಎರಡು ಕಾಗದ ಬೇರೆ ಹೇಳುತ್ತಿವೆ. ಹೀಗೆ ಉಳಿಕೆಯಿಲ್ಲದೆ ಭಾಗವಾಗುವ ವ್ಯತ್ಯಾಸ ಕಂಡರೆ ಎಣಿಕೆಗಿಂತ ಗುಣಾಕಾರದ ಕಡೆ ಮೊದಲು ನೋಡಬೇಕು. ಡಜನ್ ಲೆಕ್ಕದಲ್ಲಿ ಮಾಲು ತೆಗೆದುಕೊಳ್ಳುವ ಸ್ಟೋರ್ಸ್‌ನ ಕಂಪ್ಯೂಟರಿನಲ್ಲಿ ಬಂಡಲ್‌ಗೆ 24 ಎಂದು ಮೊದಲೇ ತುಂಬಿರಬಹುದು. ಅಥವಾ ನಿಮ್ಮ ಕಡೆ ಆ ದಿನ ಕಟ್ಟು ಕಟ್ಟಿದವರು ನಿಜವಾಗಿಯೂ 24 ಕಟ್ಟಿರಬಹುದು. ಎರಡೂ ಸಾಧ್ಯ. ವ್ಯತ್ಯಾಸ 60ರ ಬದಲು 37 ಅಂತ ಇದ್ದಿದ್ದರೆ ಈ ದಾರಿ ಮುಚ್ಚುತ್ತಿತ್ತು. ಆಗ ಬಿಡಿ ಪೆಟ್ಟಿಗೆ ಎಣಿಸಿದ ಹಾಳೆಯನ್ನೇ ಕೇಳಬೇಕಾಗುತ್ತಿತ್ತು.

ಪತ್ರ ಬರೆಯುವ ಮುಂಚೆ ನಿಮ್ಮ ಪ್ಯಾಕಿಂಗ್ ರಿಜಿಸ್ಟರ್ ನೋಡಿ. ಅದೇ ಲಾಟಿನ ಬಿಚ್ಚದ ಬಂಡಲ್ ಗೋಡೌನಿನಲ್ಲಿ ಉಳಿದಿದ್ದರೆ ಒಂದೆರಡನ್ನು ಬಿಚ್ಚಿ ಎಣಿಸಿ. 24 ಬಂದರೆ ಮುಂದಿನ ಮಾತೇ ಬೇಡ, ಕ್ರೆಡಿಟ್ ನೋಟ್ ಕೊಡಿ. 25 ಬಂದರೂ ಅದು ಅವರಿಗೆ ಹೋದ 60 ಬಂಡಲ್‌ಗೆ ಪುರಾವೆ ಆಗುವುದಿಲ್ಲ, ಪ್ರಶ್ನೆ ಕೇಳುವ ಧೈರ್ಯ ಕೊಡುತ್ತದೆ ಅಷ್ಟೇ.

ಪತ್ರದ ಮಾತು

ತಟಸ್ಥವಾಗಿ ಬರೆಯುವುದು ಎಂದರೆ ಮೆತ್ತಗೆ ಬರೆಯುವುದಲ್ಲ. ಪ್ರತಿ ವಾಕ್ಯದಲ್ಲೂ ಕಾಗದ ಮಾತಾಡಬೇಕು, ಮನುಷ್ಯರಲ್ಲ. "ನಾವು 1,500 ಕಳಿಸಿದ್ದೇವೆ" ಎನ್ನುವ ಬದಲು "ಚಲನ್ 318ರಲ್ಲಿ 1,500 ಎಂದಿದೆ". "ನೀವು 1,440 ಅನ್ನುತ್ತಿದ್ದೀರಿ" ಬದಲು "ಜಿಆರ್‌ಎನ್‌ನಲ್ಲಿ 1,440 ದಾಖಲಾಗಿದೆ". "ಕೇವಲ", "ವಾಸ್ತವದಲ್ಲಿ", "ನಿಮ್ಮವರೇ ಸಹಿ ಹಾಕಿದ್ದಾರಲ್ಲ" ಇವು ಸೇರಿದರೆ ಪತ್ರ ವಾದಕ್ಕೆ ತಿರುಗುತ್ತದೆ. ಪಟ್ಟಿಯ ಕೊನೆಗೆ ಇನ್ನೊಂದು ಅಂಕಣ ಸೇರಿಸುವುದಾದರೆ ಅದಕ್ಕೆ "ನಿಮ್ಮ ತಪ್ಪು", "ನಮ್ಮ ತಪ್ಪು" ಎಂಬ ಅರ್ಥ ಬರುವ ಹೆಸರು ಇಡಬೇಡಿ, "ವ್ಯತ್ಯಾಸ" ಸಾಕು.

ಪತ್ರ ಇಂಗ್ಲಿಷಿನಲ್ಲೇ ಹೋಗುವುದು ಜಾಸ್ತಿ. ಯಾವ ಭಾಷೆಯಲ್ಲಿ ಬರೆದರೂ ಚೌಕಟ್ಟು ಇಷ್ಟೇ:

> ಮಾನ್ಯರೇ,
>
> ನಿಮ್ಮ ಜುಲೈ 14ರ ಪತ್ರ ಹಾಗೂ ನಂತರ ಕಳಿಸಿದ ನಾಲ್ಕು ಜಿಆರ್‌ಎನ್ ಪ್ರತಿಗಳು ತಲುಪಿವೆ. ಜೂನ್ 30ರ ಬಿಲ್ಲಿಗೆ ಸಂಬಂಧಿಸಿದ ಚಲನ್ ಮತ್ತು ಜಿಆರ್‌ಎನ್ ಅಂಕಿಗಳನ್ನು ಲಗತ್ತಿಸಿದ ಪಟ್ಟಿಯಲ್ಲಿ ಅಕ್ಕಪಕ್ಕ ಇಟ್ಟಿದ್ದೇವೆ. ಅವು ದಾಖಲೆಗಳಲ್ಲಿ ಇರುವ ಅಂಕಿಗಳು ಮಾತ್ರ. ಕೆಳಗೆ ಸ್ಪಷ್ಟವಾಗಿ ಒಪ್ಪಿದ್ದನ್ನು ಬಿಟ್ಟರೆ, ಪಟ್ಟಿಯಲ್ಲಿ ಸೇರಿಸಿರುವುದನ್ನು ಒಪ್ಪಿಗೆ ಎಂದು ಭಾವಿಸಬಾರದಾಗಿ ಕೋರುತ್ತೇವೆ.
>
> ಚಲನ್ 311: ಅಂಕಿಗಳು ತಾಳೆಯಾಗುತ್ತವೆ.
>
> ಚಲನ್ 318: ಚಲನ್‌ನಲ್ಲಿ 60 ಬಂಡಲ್, 1,500 ಪೆಟ್ಟಿಗೆ. ಸಹಿ ಆದ ಪ್ರತಿಯಲ್ಲಿ "ಎಣಿಕೆಗೆ ಒಳಪಟ್ಟು" ಎಂಬ ಸೀಲು ಇದೆ. ಜಿಆರ್‌ಎನ್‌ನಲ್ಲಿ 60 ಬಂಡಲ್, 1,440 ಪೆಟ್ಟಿಗೆ. ಚಲನ್ ಪ್ರಕಾರ ಬಂಡಲ್‌ಗೆ 25, ಜಿಆರ್‌ಎನ್ ಅಂಕಿಯಿಂದ ಬಂಡಲ್‌ಗೆ 24 ಬರುತ್ತದೆ. ಎಣಿಕೆ ಹಾಳೆಯ ಪ್ರತಿ ಇದ್ದರೆ ಕಳಿಸಿಕೊಡಿ. ಬಿಚ್ಚದ ಬಂಡಲ್‌ಗಳು ಉಳಿದಿದ್ದರೆ ಎರಡೂ ಕಡೆಯವರು ಒಟ್ಟಿಗೆ ಎಣಿಸಲು ನಾವು ಸಿದ್ಧ.
>
> ಚಲನ್ 324: ಸಹಿ ಆದ ಪ್ರತಿಯಲ್ಲಿ 2 ಬಂಡಲ್ ಕಮ್ಮಿ ಎಂಬ ಟಿಪ್ಪಣಿ ಇದ್ದು, ಜಿಆರ್‌ಎನ್ ಜೊತೆ ತಾಳೆಯಾಗುತ್ತದೆ. 50 ಪೆಟ್ಟಿಗೆಗೆ ಕ್ರೆಡಿಟ್ ನೋಟ್ ಕೊಡುತ್ತೇವೆ.
>
> ಚಲನ್ 330: ಚಲನ್ ಮತ್ತು ಜಿಆರ್‌ಎನ್ ಎರಡರಲ್ಲೂ ಬಂದ ಪ್ರಮಾಣ 900. ಒಪ್ಪಿದ್ದು 780, ರಿಜೆಕ್ಟ್ 120. ರಿಜೆಕ್ಷನ್ ನೋಟ್ ಹಾಗೂ ಮಾಲು ಈಗ ಇರುವ ಸ್ಥಳ ತಿಳಿಸಿ.
>
> ತಕರಾರಿಲ್ಲದ 4,570 ಪೆಟ್ಟಿಗೆಯ ಮೊತ್ತ ₹91,400 ಮತ್ತು ಅದರ ತೆರಿಗೆಯನ್ನು ಈಗ ಪಾಸ್ ಮಾಡಿ, ಬಾಕಿ 180 ಪೆಟ್ಟಿಗೆಯ ₹3,600 ಮತ್ತು ಅದರ ತೆರಿಗೆಯನ್ನು ಮೇಲಿನ ವಿವರ ಬರುವವರೆಗೆ ತೆರೆದಿಡಬೇಕೆಂದು ಕೋರುತ್ತೇವೆ.

ಕೊನೆಯ ಪ್ಯಾರಾ ಇಲ್ಲದೆ ಎಷ್ಟೋ ಪತ್ರಗಳು ಹೋಗುತ್ತವೆ. ಆಗ ಪೂರ್ತಿ ₹96,000 ತಡೆಹಿಡಿದು ಕೂರುತ್ತಾರೆ, ಕಾರಣ ಕೇಳಿದರೆ "ಬಿಲ್ಲು ತಕರಾರಿನಲ್ಲಿದೆ" ಎನ್ನುತ್ತಾರೆ. ತಕರಾರಿರುವುದು ಎಷ್ಟಕ್ಕೆ ಎಂದು ನೀವೇ ಗೆರೆ ಎಳೆದು ಕೊಡಬೇಕು. ಒಪ್ಪಿದ ₹1,000, ತೆರೆದಿಟ್ಟ ₹3,600, ಪಾಸಾಗಬೇಕಾದ ₹91,400 ಕೂಡಿಸಿದರೆ ಬಿಲ್ಲಿನ ಮೊತ್ತಕ್ಕೆ ಸರಿಹೋಗಬೇಕು. ಕಳಿಸುವ ಮುಂಚೆ ಒಮ್ಮೆ ಕೂಡಿಸಿ ನೋಡಿ.

ಕ್ರೆಡಿಟ್ ನೋಟ್ ಮತ್ತು ಗಡುವು

ಒಪ್ಪಿದ 50ಕ್ಕೆ ಹಳೆಯ ಬಿಲ್ಲನ್ನು ತಿದ್ದಿ ಹೊಸದು ಕೊಡಿ ಎಂದು ಕೆಲವು ಗಿರಾಕಿಗಳು ಕೇಳುತ್ತಾರೆ. ಬೇಡ. ಜಿಎಸ್‌ಟಿ ಕಾಯ್ದೆಯ 34ನೇ ಕಲಂ ಇರುವುದೇ ಇದಕ್ಕೆ: ಬಿಲ್ಲಿನಲ್ಲಿ ಜಾಸ್ತಿ ಮೊತ್ತ ಹೋಗಿದ್ದರೆ, ಮಾಲು ವಾಪಸ್ ಬಂದರೆ, ಅಥವಾ ಕೊಟ್ಟ ಮಾಲಿನಲ್ಲಿ ಕೊರತೆ ಇದ್ದರೆ ಕ್ರೆಡಿಟ್ ನೋಟ್. ತೆರಿಗೆ ಇಳಿಸಿಕೊಳ್ಳಬೇಕಾದರೆ ಅದನ್ನು ಆ ಹಣಕಾಸು ವರ್ಷ ಮುಗಿದ ಮೇಲಿನ ನವೆಂಬರ್ 30ರೊಳಗೆ ಅಥವಾ ವಾರ್ಷಿಕ ರಿಟರ್ನ್ ಸಲ್ಲಿಸಿದ ದಿನದೊಳಗೆ, ಯಾವುದು ಮೊದಲೋ ಅಷ್ಟರಲ್ಲಿ ತೋರಿಸಬೇಕು. ಇ-ಇನ್‌ವಾಯ್ಸ್ ಮಾಡಿದ್ದರೆ ಅದನ್ನು ಪೋರ್ಟಲ್‌ನಲ್ಲಿ ರದ್ದು ಮಾಡಲು 24 ಗಂಟೆ ಮಾತ್ರ ಇರುವುದರಿಂದ ಬೇರೆ ದಾರಿಯೂ ಇಲ್ಲ. 318 ಮತ್ತು 330ರ ವಿಚಾರ ಇತ್ಯರ್ಥವಾಗುವವರೆಗೆ ಅವಕ್ಕೆ ನೋಟ್ ಮಾಡಬೇಡಿ. ಒಂದೇ ನೋಟ್‌ನಲ್ಲಿ 230 ಬರೆದುಕೊಟ್ಟರೆ ಎರಡೂ ಪ್ರಶ್ನೆ ಅಲ್ಲಿಗೇ ಮುಗಿದಂತೆ.

ನೀವು ಸೂಕ್ಷ್ಮ ಅಥವಾ ಸಣ್ಣ ಉದ್ಯಮವಾಗಿ ಉದ್ಯಮ್ ನೋಂದಣಿ ಮಾಡಿಸಿದ್ದರೆ ಇನ್ನೊಂದು ದಿನಾಂಕ ನೋಡಿ. 2006ರ ಎಂಎಸ್‌ಎಂಇಡಿ ಕಾಯ್ದೆಯ ಪ್ರಕಾರ ಮಾಲು ತಲುಪಿದ 15 ದಿನದೊಳಗೆ ಗಿರಾಕಿ ಲಿಖಿತವಾಗಿ ಆಕ್ಷೇಪ ಎತ್ತದಿದ್ದರೆ ತಲುಪಿದ ದಿನವೇ ಸ್ವೀಕಾರವಾದಂತೆ. ಪಾವತಿಯ ಅವಧಿ ಅಲ್ಲಿಂದ ಎಣಿಕೆ. ಒಪ್ಪಂದ ಏನೇ ಇದ್ದರೂ ಅದು 45 ದಿನ ಮೀರುವಂತಿಲ್ಲ. ನಮ್ಮ ಉದಾಹರಣೆಯಲ್ಲಿ ಜುಲೈ 14ರ ಪತ್ರ ಕೊನೆಯ ಚಲನ್‌ನಿಂದಲೂ 19 ದಿನದ ಮೇಲೆ ಬಂದಿದೆ. ಹಾಗೆಂದು "ನಿಮ್ಮ ಕಾಲ ಮುಗಿಯಿತು" ಎಂದು ಬರೆಯಲು ಅವಸರ ಬೇಡ. 324ರ ಮೇಲಿನ ಕೈಬರಹ ಅದೇ ದಿನದ ಲಿಖಿತ ಆಕ್ಷೇಪ. 330ರ ರಿಜೆಕ್ಷನ್ ನೋಟ್ ಅವಧಿಯೊಳಗೇ ನಿಮಗೆ ಬಂದಿರಬಹುದು, ಹಳೆಯ ಮೇಲ್ ಹುಡುಕಿ. ಮತ್ತೆ, ಈ ನಿಯಮ ಇರುವುದು ಪಾವತಿಯ ದಿನ ಎಣಿಸಲಿಕ್ಕೆ. ಬರದ ಮಾಲಿಗೂ ಹಣ ಕೊಡಿ ಎಂದು ಅದು ಹೇಳುವುದಿಲ್ಲ. ಮೊದಲ ಪತ್ರದಲ್ಲಿ ಕಲಂ ಉದ್ಧರಿಸುವ ಬದಲು ಪಟ್ಟಿಗೆ "ಮೊದಲ ಲಿಖಿತ ಆಕ್ಷೇಪದ ದಿನಾಂಕ" ಎಂಬ ಅಂಕಣ ಸೇರಿಸಿದರೆ ಸಾಕು. ಮುಂದೆ ಬೇಕಾದರೆ ಅದು ಅಲ್ಲೇ ಇರುತ್ತದೆ.

ಗಿರಾಕಿಗೆ ಪತ್ರ ಹೋದ ಮೇಲೆ 324ರ ಎರಡು ಬಂಡಲ್ ಎಲ್ಲಿ ಹೋಯಿತು ಎಂದು ವಿಚಾರಿಸಿ. ಲೋಡಿಂಗ್ ಹಾಳೆಯಲ್ಲಿ 48 ಬಂಡಲ್ ಏರಿಸಿದ ಗುರುತಿದ್ದರೆ ಟ್ರಾನ್ಸ್‌ಪೋರ್ಟ್‌ನವರಿಗೆ ಲಿಖಿತ ನೋಟಿಸ್ ಕೊಡಿ, ಸಹಿ ಆದ ಚಲನ್ ಮತ್ತು ಲಾರಿ ರಸೀದಿಯ ಪ್ರತಿ ಜೊತೆಗಿರಲಿ. ರಸ್ತೆ ಸಾಗಣೆಯ 2007ರ ಕಾಯ್ದೆಯಲ್ಲಿ ಬುಕ್ ಮಾಡಿದ ದಿನದಿಂದ 180 ದಿನದೊಳಗೆ ಆ ನೋಟಿಸ್ ಹೋಗಿರಬೇಕು, ಇಲ್ಲದಿದ್ದರೆ ಅವರ ಮೇಲೆ ದಾವೆ ಹಾಕಲು ಬರುವುದಿಲ್ಲ.